ಅಪ್ಪ ತೀರಿಕೊಂಡ ಮೇಲೆ ಅವರ ಹೆಸರಿಗೇ ಬಂದ ನೋಟಿಸ್

ಹಾಸನದಿಂದ ಕೇಳಿದವರು: ಅಪ್ಪ ತೀರಿಕೊಂಡು ಒಂದೂವರೆ ವರ್ಷ ಆಯ್ತು. ಮೊನ್ನೆ ಅವರ ಹೆಸರಿಗೇ ಇನ್‌ಕಮ್ ಟ್ಯಾಕ್ಸ್ ನೋಟಿಸ್ ಬಂದಿದೆ. ಹಳೇ ವರ್ಷದ ಲೆಕ್ಕ ಮತ್ತೆ ತೆರೆಯೋ ಮುಂಚೆ ವಿವರಣೆ ಕೇಳೋ ಸೆಕ್ಷನ್ 148ಎ ಅಂತ ಇದೆ, 2022ರಲ್ಲಿ ಮಾರಿದ ಸೈಟಿನ ಬಗ್ಗೆ. ಯಾರು, ಏನಂತ ಉತ್ತರ ಬರೀಬೇಕು?

ಮಂಡ್ಯ: ಸತ್ತವರ ಹೆಸರಿನ ನೋಟಿಸ್ ಕೋರ್ಟಲ್ಲಿ ನಿಲ್ಲಲ್ಲ. 2020ರಲ್ಲಿ ದೆಹಲಿ ಹೈಕೋರ್ಟೇ ಹಾಗೆ ಹೇಳಿದೆ. ಸುಮ್ನೆ ಬಿಟ್ಬಿಡಿ.

ಬೆಂಗಳೂರು, ನಿವೃತ್ತ ಆಡಿಟರ್: ನಿಲ್ಲಲ್ಲ ಅನ್ನೋದು ನಿಜ, ಬಿಟ್ಬಿಡಿ ಅನ್ನೋದು ತಪ್ಪು. ನಿಮ್ಮ ತಂದೆ ಇಲ್ಲ ಅಂತ ಆಫೀಸರ್‌ಗೆ ಗೊತ್ತೇ ಇಲ್ಲ. ಉತ್ತರ ಬರದಿದ್ದರೆ ತಮಗೆ ತಿಳಿದ ಹಾಗೆ ಆರ್ಡರ್ ಮಾಡುತ್ತಾರೆ. ಆಮೇಲೆ ಅಪೀಲಿಗೆ ಓಡಾಡಬೇಕು. ಇನ್ನೊಂದು ವಿಷಯ. ಅವರು ಬದುಕಿದ್ದಾಗಲೇ ಶುರುವಾದ ಕೇಸಾದರೆ, ಅದು ನಿಂತಲ್ಲಿಂದ ವಾರಸುದಾರರ ಮೇಲೆ ಮುಂದುವರಿಯುತ್ತದೆ. ಹಾಗಾಗಿ ಮೊದಲು ನೋಟಿಸಿನ ತಾರೀಖು ನೋಡಿ. ಅದರಲ್ಲಿರುವ ಡಿನ್ ಅನ್ನೋ ದಾಖಲೆ ನಂಬರನ್ನು ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ಹಾಕಿ, ಅಸಲಿಯೋ ಅಂತಲೂ ನೋಡಿ. ಅದಕ್ಕೆ ಲಾಗಿನ್ ಬೇಕಿಲ್ಲ.

ಶಿವಮೊಗ್ಗ: ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಅಪ್ಪನ ಪಾಸ್‌ವರ್ಡ್ ಗೊತ್ತಿತ್ತು, ಅವರದೇ ಲಾಗಿನ್‌ನಲ್ಲಿ ಉತ್ತರ ಹಾಕಿಬಿಟ್ಟೆ. ಆಮೇಲೆ ಅವರು ತೀರಿಕೊಂಡಿದ್ದಾರೆ ಅಂತ ನಾನು ಹೇಳಿದಾಗ, ಹಾಗಾದರೆ ಉತ್ತರ ಕೊಟ್ಟಿದ್ದು ಯಾರು ಅಂತ ಆಫೀಸರ್ ಕೇಳಿದರು!

ಕೊಪ್ಪಳ: ನಮಗೂ ಬಂದಿತ್ತು, ಪಂಚಾಯ್ತಿಯಿಂದ. ಖಾತೆ ನಮ್ಮ ಹೆಸರಿಗೆ ಮಾಡಿಸಿಕೊಂಡ ಮೇಲೆ ಸರಿಹೋಯ್ತು.

ಆಡಿಟರ್: ಅದು ಮನೆ ಕಂದಾಯ ಸ್ವಾಮಿ, ಇದು ಬೇರೆ. ಹಾಸನದವರೇ, ನಿಮ್ಮ ಸ್ವಂತ ಪ್ಯಾನ್ ಲಾಗಿನ್‌ನಿಂದ ತಂದೆಯ ಲೀಗಲ್ ಹೇರ್ ಅಂತ ರಿಜಿಸ್ಟರ್ ಆಗಿ. ಇಬ್ಬರ ಪ್ಯಾನ್, ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಬದುಕಿರುವ ಕುಟುಂಬ ಸದಸ್ಯರ ಪ್ರಮಾಣಪತ್ರ ಬೇಕು. ಒಪ್ಪಿಗೆ ಬರಲು ಕೆಲವು ದಿನ ಹಿಡಿಯುತ್ತದೆ. ಗಡುವು ಹತ್ತಿರ ಇದ್ದರೆ ಪತ್ರವನ್ನು ಆಫೀಸರ್‌ಗೆ ಇಮೇಲ್ ಮಾಡಿ, ಸಮಯ ಕೇಳಿ. ಪತ್ರದ ಒಳಗೆ ಹೀಗಿರಲಿ:

"ನನ್ನ ತಂದೆ ಇಂಥ ದಿನ ತೀರಿಕೊಂಡಿದ್ದಾರೆ, ಮರಣ ಪ್ರಮಾಣಪತ್ರ ಲಗತ್ತಿಸಿದೆ. ಅವರ ವಾರಸುದಾರರು ನನ್ನ ತಾಯಿ, ತಂಗಿ ಮತ್ತು ನಾನು. ಮೃತರ ಹೆಸರಿಗೆ ಕೊಟ್ಟ ನೋಟಿಸ್ ಊರ್ಜಿತವಲ್ಲ ಎಂಬುದು ನಮ್ಮ ಆಕ್ಷೇಪಣೆ. ಅದನ್ನು ಬಿಟ್ಟುಕೊಡದೆ ಈ ಉತ್ತರ ಕೊಡುತ್ತಿದ್ದೇನೆ."

ಕೊನೆಯ ಎರಡು ವಾಕ್ಯ ಬಿಡಬೇಡಿ. ಆಕ್ಷೇಪಣೆ ಎತ್ತದೆ ಸೈಟಿನ ಲೆಕ್ಕ ಒಪ್ಪಿಸಿದರೆ, ನೋಟಿಸನ್ನು ನೀವೇ ಒಪ್ಪಿಕೊಂಡಿರಿ ಅಂತ ವಾದ ಹುಟ್ಟುತ್ತದೆ. ಅದಾದ ಮೇಲೆ ಸೈಟು ಕೊಂಡ ಬೆಲೆ, ಮಾರಿದ ಬೆಲೆ, ಕ್ರಯಪತ್ರ ಇಡಿ.

ಹಾಸನ: ತೆರಿಗೆ ಬಿದ್ದರೆ ನನ್ನ ಸಂಬಳದಿಂದ ಕಟ್ಟಬೇಕಾ?

ಆಡಿಟರ್: ಇಲ್ಲ. ಸೆಕ್ಷನ್ 159ರ ಪ್ರಕಾರ ತಂದೆಯಿಂದ ಬಂದ ಆಸ್ತಿಯ ಮೌಲ್ಯದಷ್ಟೇ ನಿಮ್ಮ ಹೊಣೆ. ಆದರೆ ಬಾಕಿ ತೀರುವ ಮುಂಚೆ ಆ ಆಸ್ತಿಯನ್ನು ಮಾರಿಬಿಟ್ಟರೆ, ಅಷ್ಟರಮಟ್ಟಿಗೆ ಕೈಯಿಂದ ಕಟ್ಟಬೇಕಾಗುತ್ತದೆ.

ಹಾಸನ: ತಂಗಿ ದುಬೈನಲ್ಲಿದ್ದಾಳೆ. ಪತ್ರಕ್ಕೆ ಅವಳ ಸಹಿಯೂ ಬೇಕಾ?

ಶಿವಮೊಗ್ಗ: ನಮ್ಮಲ್ಲಿ ನನ್ನೊಬ್ಬನದೇ ಸಾಕಾಯ್ತು.

ಮಂಡ್ಯ: ನಮ್ಮ ವಕೀಲರು ಎಲ್ಲರಿಂದಲೂ ಒಪ್ಪಿಗೆ ಪತ್ರ ತರಿಸಿದ್ದರು.