ಹತ್ತು ಪರ್ಸೆಂಟ್ ಹೈಕ್ ಅಂದ್ರು, ಯಾವುದರ ಮೇಲೆ?

ಕುಶಾಲನಗರದ ಸದಸ್ಯೆ: ಇಲ್ಲಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ. ಈ ವರ್ಷ 10 ಪರ್ಸೆಂಟ್ ಹೈಕ್ ಕೊಡ್ತೀವಿ ಅಂತ ಮ್ಯಾನೇಜರ್ ಬಾಯಿಮಾತಲ್ಲಿ ಹೇಳಿದ್ದಾರೆ. ಬೇಸಿಕ್ ಮೇಲಾ, ಫಿಕ್ಸೆಡ್ ಮೇಲಾ, ಸಿಟಿಸಿ ಮೇಲಾ ಗೊತ್ತಿಲ್ಲ. ಕಂಪನಿ ಕಟ್ಟೋ ಪಿಎಫ್, ಗ್ರಾಚ್ಯುಟಿ ಎಲ್ಲಾ ಸೇರಿದ ಒಟ್ಟು ಲೆಕ್ಕ, ಅಂದ್ರೆ ಸಿಟಿಸಿ, ವರ್ಷಕ್ಕೆ 4,80,000. ತಿಂಗಳಿಗೆ ಬೇಸಿಕ್ 16,000, ಎಚ್‌ಆರ್‌ಎ ಮತ್ತು ಅಲೋವೆನ್ಸ್ ಸೇರಿ ಫಿಕ್ಸೆಡ್ 33,000. ವೇರಿಯಬಲ್ ವರ್ಷಕ್ಕೆ 48,000. ಹೇಗೆ ಕೇಳೋದು?

ಸೋಮವಾರಪೇಟೆಯ ಸದಸ್ಯ: ಹೈಕ್ ಅಂದ್ರೆ ಯಾವಾಗಲೂ ಸಿಟಿಸಿ ಮೇಲೇನೇ ಅಕ್ಕ. ತಿಂಗಳಿಗೆ 4,000 ಜಾಸ್ತಿ ಬರುತ್ತೆ, ಸುಮ್ನೆ ತಲೆ ಕೆಡಿಸ್ಕೋಬೇಡಿ.

ವಿರಾಜಪೇಟೆಯ ಪೇರೋಲ್ ಸಲಹೆಗಾರ್ತಿ: ಸಿಟಿಸಿ ಮೇಲೆ ಕೊಡೋ ಕಂಪನಿಗಳು ಬಹಳ ಇವೆ, ಆದರೆ ‘ಯಾವಾಗಲೂ’ ಅನ್ನೋ ಹಾಗಿಲ್ಲ. 4,000 ಪೂರ್ತಿ ಕೈಗೆ ಬರೋದೂ ಇಲ್ಲ. ನಿಮ್ಮ ಅಂಕಿಗಳನ್ನೇ ನೋಡೋಣ.

ಬೇಸಿಕ್ ಮೇಲೆ ಮಾತ್ರ ಅಂದರೆ ತಿಂಗಳಿಗೆ 1,600. ಎಚ್‌ಆರ್‌ಎಯನ್ನು ಬೇಸಿಕ್‌ನ ಇಂತಿಷ್ಟು ಪಾಲು ಅಂತ ಲೆಕ್ಕ ಹಾಕ್ತಿದ್ದರೆ ಅದೂ ಸ್ವಲ್ಪ ಏರುತ್ತೆ. ಫಿಕ್ಸೆಡ್ ಮೇಲೆ ಅಂದರೆ 3,300. ಸಿಟಿಸಿ ಮೇಲೆ ಅಂದರೆ ವರ್ಷಕ್ಕೆ 48,000 ಸೇರುತ್ತೆ. ಅದರಲ್ಲಿ ವೇರಿಯಬಲ್‌ಗೆ 4,800 ಹೋಗಬಹುದು, ಗ್ರಾಚ್ಯುಟಿ ಬೇಸಿಕ್‌ನ 4.81 ಪರ್ಸೆಂಟ್ ಲೆಕ್ಕದಲ್ಲಿ ಏರಿ ಇನ್ನೊಂದು 900 ಚಿಲ್ಲರೆ ತಿನ್ನುತ್ತೆ. ಉಳಿದದ್ದು ತಿಂಗಳಿಗೆ ಸುಮಾರು 3,500. ನಿಮಗೆ ದೊಡ್ಡ ವ್ಯತ್ಯಾಸ ಇರೋದು ಬೇಸಿಕ್‌ಗೂ ಉಳಿದೆರಡಕ್ಕೂ ಮಧ್ಯೆ. ಫಿಕ್ಸೆಡ್ಡಾ ಸಿಟಿಸಿಯಾ ಅನ್ನೋದು ತಿಂಗಳಿಗೆ 200 ರೂಪಾಯಿ ಆಚೀಚೆ ಅಷ್ಟೇ.

ಇದು ಪಿಎಫ್ 1,800ಕ್ಕೆ ನಿಂತಿದ್ದರೆ ಮಾತ್ರ, ಅಂದರೆ 15,000ದ ಮಿತಿ ಮೇಲೆ 12 ಪರ್ಸೆಂಟ್. ನಿಮ್ಮ ಪೇಸ್ಲಿಪ್‌ನಲ್ಲಿ ಕಟ್ ಆಗ್ತಿರೋದು ಎಷ್ಟು? ಪೂರ್ತಿ ಬೇಸಿಕ್ ಮೇಲೆ ಕಟ್ ಆಗ್ತಿದ್ದರೆ, ಬೇಸಿಕ್ ಏರಿದಾಗ ನಿಮ್ಮ ಪಾಲು, ಕಂಪನಿ ಪಾಲು ಎರಡೂ ಏರುತ್ತವೆ, ಕೈಗೆ ಬರೋದು ಇನ್ನೂ ಕಮ್ಮಿ.

ಮಡಿಕೇರಿಯ ರೆಸಾರ್ಟ್ ಉದ್ಯೋಗಿ: ನಮ್ಮಲ್ಲಿ ಸರ್ವಿಸ್ ಚಾರ್ಜ್ ಮಳೆಗಾಲದಲ್ಲಿ ಬೀಳುತ್ತೆ, ಡಿಸೆಂಬರ್‌ನಲ್ಲಿ ಏರುತ್ತೆ. ಅದಕ್ಕೂ ಹೈಕ್ ಸೇರುತ್ತಾ ಮೇಡಂ?

ಪೇರೋಲ್ ಸಲಹೆಗಾರ್ತಿ: ಅದು ಗಿರಾಕಿಗಳಿಂದ ಬಂದು ಹಂಚಿಕೆ ಆಗೋ ದುಡ್ಡು ಅಣ್ಣ, ಪರ್ಸೆಂಟ್ ಅದಕ್ಕೆ ಸಾಮಾನ್ಯವಾಗಿ ಹತ್ತಲ್ಲ. ನಿಮ್ಮ ಹೈಕ್ ಪತ್ರದಲ್ಲಿ ಅದು ಸಂಬಳದ ಭಾಗ ಅಂತ ಬರೆದಿದೆಯಾ ನೋಡಿ.

ಕುಶಾಲನಗರದವರೇ, ಹಳೇ ಇನ್‌ಕ್ರಿಮೆಂಟ್ ಲೆಟರ್ ಇದ್ದರೆ ತೆಗೆಯಿರಿ. ಆಗ ಹೇಳಿದ್ದ ಪರ್ಸೆಂಟ್ ಯಾವ ಸಾಲಿಗೆ ಕೂಡುತ್ತೆ ನೋಡಿ. ಕಂಪನಿಯ ರೂಢಿ ಅಲ್ಲೇ ಸಿಗುತ್ತೆ.

ಕುಶಾಲನಗರದ ಸದಸ್ಯೆ: ಪಿಎಫ್ 1,800ನೇ. ಕಳೆದ ವರ್ಷ 8 ಪರ್ಸೆಂಟ್ ಅಂದಿದ್ರು. ಬೇಸಿಕ್ 15,000ದಿಂದ 16,000, ಫಿಕ್ಸೆಡ್ 30,550ರಿಂದ 33,000. ಸಿಟಿಸಿ 4,50,000ದಿಂದ 4,80,000. ವೇರಿಯಬಲ್ ಬದಲಾಗಿಲ್ಲ.

ಪೇರೋಲ್ ಸಲಹೆಗಾರ್ತಿ: ಸಿಕ್ಕಿತಲ್ಲ! 2,450ನ್ನು 30,550ರಿಂದ ಭಾಗಿಸಿದರೆ 8 ಪರ್ಸೆಂಟ್. ಬೇಸಿಕ್, ಸಿಟಿಸಿ ಎರಡೂ ಏಳನ್ನೂ ಮುಟ್ಟಿಲ್ಲ. ಕಳೆದ ವರ್ಷ ಫಿಕ್ಸೆಡ್ ಮೇಲೆ ಕೊಟ್ಟಿದ್ದಾರೆ.

ಈ ವರ್ಷವೂ ಅದೇ ಅಂತ ನಂಬಿ ಕೂರಬೇಡಿ. ಎಚ್‌ಆರ್‌ಗೆ ಮೇಲ್ ಹಾಕಿ, ಮ್ಯಾನೇಜರ್‌ಗೂ ಕಾಪಿ ಇರಲಿ. ‘ಯಾವುದರ ಮೇಲೆ?’ ಅಂತ ಕೇಳಿದರೆ ‘ಪಾಲಿಸಿ ಪ್ರಕಾರ’ ಅಂತ ಉತ್ತರ ಬಂದು ನಿಲ್ಲುತ್ತೆ. ಅದರ ಬದಲು ಅಂಕಿ ಕೇಳಿ. ಹೀಗೆ ಬರೀಬಹುದು: ‘ನಾವು ಮಾತಾಡಿದಂತೆ ಈ ವರ್ಷದ 10 ಪರ್ಸೆಂಟ್ ಏರಿಕೆ ನಂತರ ನನ್ನ ತಿಂಗಳ ಫಿಕ್ಸೆಡ್ ಸಂಬಳ 36,300 ಆಗುತ್ತದೆ ಎಂದುಕೊಂಡಿದ್ದೇನೆ. ವೇರಿಯಬಲ್ ಎಷ್ಟು, ಯಾವ ತಾರೀಖಿನಿಂದ ಜಾರಿ, ಹಿಂಬಾಕಿ ಇದೆಯೇ, ತಿಳಿಸಿ.’ ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಸೋಮವಾರಪೇಟೆಯ ಸದಸ್ಯ: ಬಾಯಲ್ಲಿ ಹೇಳಿದ್ದು ಕೊಡ್ಲೇಬೇಕಲ್ವಾ? ಲೇಬರ್ ಆಫೀಸಿಗೆ ಹೋಗಬಹುದಲ್ಲ?

ಪೇರೋಲ್ ಸಲಹೆಗಾರ್ತಿ: ಹೋಗಬಹುದು, ಆದರೆ ಏನು ತೋರಿಸ್ತೀರಿ? ಖಾಸಗಿ ಕಂಪನಿ ವರ್ಷ ವರ್ಷ ಇಷ್ಟು ಪರ್ಸೆಂಟ್ ಏರಿಸಲೇಬೇಕು ಅನ್ನೋ ಕಾನೂನಿಲ್ಲ. ಏರಿಕೆ ಮ್ಯಾನೇಜ್‌ಮೆಂಟ್ ವಿವೇಚನೆಗೆ ಬಿಟ್ಟದ್ದು ಅಂತ ಎಷ್ಟೋ ಆಫರ್ ಲೆಟರ್‌ಗಳಲ್ಲಿ ಬರೆದಿರುತ್ತೆ. ಹಾಗಾಗಿ ಮಾತು ಮೇಲ್‌ನಲ್ಲಿ ಇರಲಿ.

ಲೆಟರ್ ಬಂದಾಗ ಇನ್ನೊಂದು ನೋಡಿ. ಸಿಟಿಸಿ 10 ಪರ್ಸೆಂಟ್ ಏರಿಸಿ, ಅದರಲ್ಲಿ ದೊಡ್ಡ ಪಾಲು ವೇರಿಯಬಲ್‌ಗೆ ಹಾಕಿರ್ತಾರೆ. ಇಲ್ಲಾ ಇನ್ಶೂರೆನ್ಸ್ ಅಂತ ಹೊಸ ಸಾಲು ಸೇರಿಸಿರ್ತಾರೆ. ಆಗ ಪತ್ರದಲ್ಲಿ ಹತ್ತು ಪರ್ಸೆಂಟ್ ಇರುತ್ತೆ, ಬ್ಯಾಂಕಿಗೆ ಅಷ್ಟು ಬರಲ್ಲ.

ಕುಶಾಲನಗರದ ಸದಸ್ಯೆ: ಮೇಲ್ ಹಾಕಿದೆ ಅಕ್ಕ. ಫಿಕ್ಸೆಡ್ 36,300 ಸರಿ ಅಂತ ಎಚ್‌ಆರ್ ಉತ್ತರ ಬಂತು, ಏಪ್ರಿಲ್‌ನಿಂದ ಹಿಂಬಾಕಿನೂ ಇದೆಯಂತೆ. ವೇರಿಯಬಲ್ ಬಗ್ಗೆ ಮಾತ್ರ ‘ಲೆಟರ್‌ನಲ್ಲಿ ನೋಡಿ’ ಅಂದಿದ್ದಾರೆ.

ಪೇರೋಲ್ ಸಲಹೆಗಾರ್ತಿ: 48,000ಕ್ಕಿಂತ ಕಮ್ಮಿ ಮಾಡಿದ್ದರೆ ಸಹಿ ಹಾಕೋ ಮೊದಲು ಇಲ್ಲಿ ಹೇಳಿ.