ಕೀಬೋರ್ಡನ್ನು ಫೋನಿಗೆ ಜೋಡಿಸಿ ಅಭ್ಯಾಸ ದಾಖಲಿಸಿದವರು ಅನುಭವ ತಿಳಿಸಿ

ಕೇಳಿದವರು: ಮಗಳು ಕೀಬೋರ್ಡಿನಲ್ಲಿ ಸರಳೆ ವರಸೆ ಕಲಿಯುತ್ತಿದ್ದಾಳೆ. ಅವಳ ಅಭ್ಯಾಸವನ್ನು ಫೋನಿನಲ್ಲಿ ಮಿಡಿ ರೂಪದಲ್ಲಿ ದಾಖಲಿಸಬೇಕೆಂದು, ಕೀಬೋರ್ಡಿನ ಹಿಂದಿರುವ ಚೌಕ ಕಿಂಡಿಗೆ ಪ್ರಿಂಟರ್ ಕೇಬಲ್ ಹಾಕಿ, ಅದರ ಇನ್ನೊಂದು ತುದಿಯನ್ನು ಟೈಪ್-ಸಿ ಓಟಿಜಿ ಅಡಾಪ್ಟರ್ ಮೂಲಕ ಆಂಡ್ರಾಯ್ಡ್ ಫೋನಿಗೆ ಜೋಡಿಸಿದೆ. ಆ್ಯಪ್‌ನಲ್ಲಿ ಕೀಬೋರ್ಡಿನ ಹೆಸರೇ ಕಾಣುತ್ತಿಲ್ಲ. ನೀವು ಹೇಗೆ ಜೋಡಿಸಿದ್ದೀರಿ?

ದಾವಣಗೆರೆಯ ಹವ್ಯಾಸಿ ವಾದಕರು: ಫೋನಿನಲ್ಲಿ ಆಂಡ್ರಾಯ್ಡ್ 6 ಅಥವಾ ಅದಕ್ಕಿಂತ ಹೊಸದು ಇರಬೇಕು. ಕೇಬಲ್ ಹಾಕಿದ ಮೇಲೆ ಯುಎಸ್‌ಬಿ ಆಯ್ಕೆಗಳಿಗೆ ಹೋಗಿ `MIDI` ಎಂಬುದನ್ನು ಆರಿಸಿಕೊಳ್ಳಿ. ಲ್ಯಾಪ್‌ಟಾಪಿಗೆ ಫೋನ್ ಜೋಡಿಸಿದಾಗ ನನಗೆ ಹಾಗೆಯೇ ಕೆಲಸವಾಯಿತು.

ಬೆಂಗಳೂರಿನ ಧ್ವನಿಮುದ್ರಕರು: ಆಂಡ್ರಾಯ್ಡ್ 6ರ ಮಾತು ಸರಿ, ಆದರೆ ಆ ಆಯ್ಕೆ ಇಲ್ಲಿ ಉಪಯೋಗಕ್ಕೆ ಬಾರದು. ಅದು ಫೋನನ್ನೇ ಒಂದು ವಾದ್ಯದಂತೆ ಕಂಪ್ಯೂಟರಿಗೆ ತೋರಿಸುವುದಕ್ಕಾಗಿ ಇರುವಂಥದ್ದು. ಇಲ್ಲಿಯಾದರೋ ಫೋನೇ ಕಂಪ್ಯೂಟರಿನ ಸ್ಥಾನದಲ್ಲಿ ನಿಂತು ಕೀಬೋರ್ಡನ್ನು ಗುರುತಿಸಬೇಕು. ನೀವು ಜೋಡಿಸಿರುವ ಕ್ರಮ ಸರಿಯಾಗಿಯೇ ಇದೆ. ಮೊದಲು ಕೀಬೋರ್ಡನ್ನು ಬಿಚ್ಚಿ, ಅದೇ ಅಡಾಪ್ಟರಿಗೆ ಕಂಪ್ಯೂಟರ್ ಮೌಸ್ ಒಂದನ್ನು ಹಾಕಿ ನೋಡಿ. ಪರದೆಯ ಮೇಲೆ ಬಾಣದ ಗುರುತು ಬಂದರೆ ಅಡಾಪ್ಟರ್ ಚೆನ್ನಾಗಿದೆ, ಪ್ರಿಂಟರ್ ಕೇಬಲನ್ನು ಶಂಕಿಸಬೇಕು. ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ `OTG` ಎಂದು ಹುಡುಕಿ. ಕೆಲವು ಫೋನುಗಳಲ್ಲಿ ಅದನ್ನು ನಾವೇ ಆನ್ ಮಾಡಬೇಕು, ಹತ್ತು ನಿಮಿಷ ಬಳಸದೆ ಬಿಟ್ಟರೆ ಅದು ತಾನಾಗಿ ಆಫ್ ಆಗುತ್ತದೆ. ಕೀಬೋರ್ಡನ್ನು ಆನ್ ಮಾಡಿ, ಕೇಬಲ್ ಹಾಕಿ, ಆಮೇಲೆ ಆ್ಯಪ್ ತೆರೆಯಿರಿ. ಮೊದಲೇ ತೆರೆದಿಟ್ಟ ಆ್ಯಪ್‌ಗಳು ಎಷ್ಟೋ ಸಲ ಹೊಸ ಸಾಧನವನ್ನು ಗಮನಿಸುವುದಿಲ್ಲ.

ಹುಬ್ಬಳ್ಳಿಯ ಆರ್ಕೆಸ್ಟ್ರಾ ಕಲಾವಿದರು: ಇಷ್ಟೆಲ್ಲ ಏಕೆ? ನಾನು ಹೆಡ್‌ಫೋನ್ ಕಿಂಡಿಯಿಂದ ಆಡಿಯೊ ಕೇಬಲ್ ಎಳೆದು ನೇರವಾಗಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಕೀಬೋರ್ಡಿನ ನಾದ ಹಾಗೆಯೇ ಬರುತ್ತದೆ.

ಧ್ವನಿಮುದ್ರಕರು: ನಾದವೇ ಬೇಕಿದ್ದರೆ ನಿಮ್ಮ ದಾರಿ ಒಳ್ಳೆಯದು. ಆದರೆ ಮಿಡಿಯಲ್ಲಿ ನಾದ ಹೋಗುವುದಿಲ್ಲ. ಯಾವ ಮನೆಯನ್ನು ಯಾವ ಗಳಿಗೆಯಲ್ಲಿ ಎಷ್ಟು ರಭಸದಿಂದ ಒತ್ತಿದರು, ಯಾವಾಗ ಬಿಟ್ಟರು ಎಂಬ ಲೆಕ್ಕವಷ್ಟೇ ಹೋಗುತ್ತದೆ. ಮಗುವಿನ ತಪ್ಪು ಎಲ್ಲಿದೆಯೆಂದು ನೋಡಲು ಆ ಲೆಕ್ಕವೇ ಹೆಚ್ಚು ನೆರವಾಗುತ್ತದೆ.

ಕೇಳಿದವರು: ಮೌಸ್ ಕೂಡ ಕಾಣಲಿಲ್ಲ. ಓಟಿಜಿ ಆಫ್ ಆಗಿತ್ತು, ಆನ್ ಮಾಡಿದೊಡನೆ ಕೀಬೋರ್ಡಿನ ಹೆಸರು ಬಂದಿತು. ಆದರೆ ಈಗ ಒಂದು ಸ್ವರ ಒತ್ತಿದರೆ ಎರಡು ಕೇಳುತ್ತದೆ, ಎರಡನೆಯದು ತುಸು ಹಿಂದೆ ಬೀಳುತ್ತದೆ. ಮಗಳಿಗೆ ತಾಳ ತಪ್ಪುತ್ತಿದೆ.

ಧ್ವನಿಮುದ್ರಕರು: ಮೊದಲನೆಯದು ಕೀಬೋರ್ಡಿನದು, ಎರಡನೆಯದು ಫೋನು ತಾನೇ ಹುಟ್ಟಿಸುವ ಸದ್ದು. ಕೀಬೋರ್ಡಿನ ಮೆನುವಿನಲ್ಲಿ `Local` ಎಂಬುದನ್ನು ಆಫ್ ಮಾಡಿದರೆ ಅದರ ಸದ್ದು ನಿಂತು ಫೋನಿನದು ಉಳಿಯುತ್ತದೆ, ಆದರೆ ತಡವೂ ಹಾಗೆಯೇ ಉಳಿಯುತ್ತದೆ. ಅಭ್ಯಾಸಕ್ಕೆ ಇದರ ತಿರುವುಮುರುವು ಮಾಡಿ: `Local` ಆನ್ ಇರಲಿ, ಆ್ಯಪ್‌ನ ಸದ್ದನ್ನು ಪೂರ್ತಿ ತಗ್ಗಿಸಿ. ದಾಖಲೆ ಆಗುತ್ತಲೇ ಇರುತ್ತದೆ. ಮಾಯಾಮಾಳವಗೌಳದ ಆರೋಹಣ ನುಡಿಸಿಸಿ, ನಡುವಣ ಸಿ ಷಡ್ಜವಾಗಿದ್ದರೆ ಈ ಸಂಖ್ಯೆಗಳು ಬರಬೇಕು:

```
60 61 64 65 67 68 71 72
```

ಪ್ರತಿ ಸ್ವರದ ಜೊತೆಗೆ 127ರವರೆಗಿನ ಇನ್ನೊಂದು ಸಂಖ್ಯೆ ಇರುತ್ತದೆ, ಅದು ರಭಸ. ಎಷ್ಟು ಮೆಲ್ಲಗೆ ಒತ್ತಿದರೂ ಅದು ಬದಲಾಗದಿದ್ದರೆ, ನಿಮ್ಮ ಕೀಬೋರ್ಡಿಗೆ ಒತ್ತಡ ತಿಳಿಯುವ ಗುಣ ಇಲ್ಲ, ಅಥವಾ ಅದು ಆಫ್ ಆಗಿದೆ.

ಕೇಳಿದವರು: ಸ್ವರಗಳೆಲ್ಲ ಸರಿಯಾಗಿವೆ. ಆದರೆ ರಭಸ ಉಳಿದ ಕಡೆ 80ರ ಆಸುಪಾಸಿನಲ್ಲಿದ್ದರೆ ಮಧ್ಯಮದಲ್ಲಿ ಮಾತ್ರ 45ಕ್ಕೆ ಇಳಿಯುತ್ತಿದೆ. ಆಮೇಲೆ ಅವಳ ಕೈ ನೋಡಿದೆ, ಅಲ್ಲಿ ಉಂಗುರ ಬೆರಳು ಇಡುತ್ತಾಳೆ. ಕಿವಿಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ.

ಶಿವಮೊಗ್ಗದ ಸಂಗೀತ ಶಿಕ್ಷಕಿ: ನನ್ನ ತೊಡಕು ಗಮಕದ್ದು. ಪಿಚ್ ಬೆಂಡ್ ಚಕ್ರ ತಿರುಗಿಸಿ ನುಡಿಸಿದ ಗಮಕ, ಫೋನಿನ ಸದ್ದಿನಲ್ಲಿ ಕೇಳಿದಾಗ ಬೇರೆ ಸ್ವರಕ್ಕೆ ಹೋಗಿ ನಿಲ್ಲುತ್ತದೆ.

ಧ್ವನಿಮುದ್ರಕರು: ಚಕ್ರ ಎಷ್ಟು ತಿರುಗಿತೆಂಬುದು ಮಾತ್ರ ದಾಖಲಾಗುತ್ತದೆ, ಅಷ್ಟಕ್ಕೆ ಎಷ್ಟು ಸ್ವರಸ್ಥಾನ ಸರಿಯಬೇಕೆಂಬುದನ್ನು ಸದ್ದು ಮಾಡುವ ಕಡೆ ನಿರ್ಧರಿಸುತ್ತದೆ. ಸಾಮಾನ್ಯವಾಗಿ ಅದು ಎರಡು ಸ್ವರಸ್ಥಾನ. ಕೀಬೋರ್ಡಿನಲ್ಲಿ ಹೆಚ್ಚಿಟ್ಟಿದ್ದರೆ ಆ್ಯಪ್‌ನಲ್ಲಿಯೂ ಅಷ್ಟೇ ಇಡಿ.

ಶಿಕ್ಷಕಿ: ಎರಡನ್ನೂ ಒಂದೇ ಮಾಡಿದ ಮೇಲೆ ಸ್ವರ ಸರಿಹೋಯಿತು. ಆದರೆ ತೋಡಿಯ ಗಾಂಧಾರ ಇನ್ನೂ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತಿದೆ.

ಧ್ವನಿಮುದ್ರಕರು: ಅದೇ ದಾಖಲೆಯನ್ನು ಆ್ಯಪ್‌ನಿಂದ ಮರಳಿ ಕೀಬೋರ್ಡಿಗೇ ಕಳುಹಿಸಿ, ಅದರ ಸದ್ದಿನಲ್ಲಿ ಕೇಳಿ ತಿಳಿಸುತ್ತೀರಾ? ಅಲ್ಲಿಯೂ ಹಾಗೆಯೇ ಕೇಳಿದರೆ ಮೆಟ್ಟಿಲು ದಾಖಲೆಯಲ್ಲಿಯೇ ಇರಬಹುದು.