ಟ್ಯಾಗ್ ಬೆಲೆಯಲ್ಲೇ ಜಿಎಸ್‌ಟಿ ಸೇರಿದ್ದರೆ ಮೂಲ ಬೆಲೆ ಬಿಡಿಸುವುದು ಹೇಗೆ?

ಪ್ರಶ್ನೆ (ಮಡಿಕೇರಿ, ಅಂಗಡಿ ಲೆಕ್ಕ ಬರೆಯುವವರು)

ಮೇಡಂ, ನಮ್ಮದು ಕಾಫಿ ಪುಡಿ, ಚಾಕೊಲೇಟ್, ಕಿತ್ತಳೆ, ಕಾಫಿ ಬೀಜ ಪುಡಿ ಮಾಡುವ ಕರೆಂಟ್ ಗ್ರೈಂಡರ್ ಮಾರುವ ಅಂಗಡಿ. ಟ್ಯಾಗ್ ಬೆಲೆಯಲ್ಲೇ ಜಿಎಸ್‌ಟಿ ಸೇರಿದೆ. ತಿಂಗಳ ಕೊನೆಗೆ ಶೇ 5ರ ಸಾಮಾನಿನ ಬೆಲೆಯಲ್ಲಿ ಶೇ 5, ಶೇ 18ರದ್ದರಲ್ಲಿ ಶೇ 18 ಕಳೆದು, ಉಳಿದದ್ದನ್ನು ಮೂಲ ಬೆಲೆ ಅಂತ ಬರೆಯುತ್ತೇನೆ. ತೆರಿಗೆ ಜಾಸ್ತಿ ಕಟ್ಟುತ್ತಿದ್ದೀರಿ ಅಂತ ಒಬ್ಬರು ಹೇಳಿದರು. ಎಲ್ಲಿ ತಪ್ಪಿದೆ?

ಉತ್ತರ (ತೆರಿಗೆ ಸಲಹೆಗಾರ್ತಿ, ವಿರಾಜಪೇಟೆ)

ಅವರು ಹೇಳಿದ್ದು ಸರಿ. ಶೇ 18 ಅನ್ನುವುದು ಮೂಲ ಬೆಲೆಯ ಮೇಲೆ ಬೀಳುವ ತೆರಿಗೆ, ಗಿರಾಕಿ ಕೊಡುವ ಮೊತ್ತದ ಮೇಲಲ್ಲ. ಮೂಲ ಬೆಲೆ 100 ಇದ್ದರೆ ಗಿರಾಕಿ ಕೊಡುವುದು 118. ಆ 118ರೊಳಗೆ ತೆರಿಗೆ 18. ಅಂದರೆ ಗಲ್ಲಾಕ್ಕೆ ಬಂದ ಪ್ರತಿ ನೂರು ರೂಪಾಯಿಯಲ್ಲಿ ತೆರಿಗೆ ಇರುವುದು ₹15.25 ಮಾತ್ರ. ಶೇ 5ರ ಸಾಮಾನಿನಲ್ಲಾದರೆ ₹4.76. ಆದ್ದರಿಂದ ಕಳೆಯಬಾರದು, ಭಾಗಿಸಬೇಕು. ಜಿಎಸ್‌ಟಿ ನಿಯಮ 35 ಹೇಳುವುದೂ ಇದನ್ನೇ.

ನಿಮ್ಮ ಗ್ರೈಂಡರ್ ಟ್ಯಾಗ್ ₹1,899 ಅಂತ ಇಟ್ಟುಕೊಳ್ಳಿ. 1.18ರಿಂದ ಭಾಗಿಸಿದರೆ ಮೂಲ ಬೆಲೆ ₹1,609.32, ತೆರಿಗೆ ₹289.68. ನೀವು ಮಾಡುವ ಹಾಗೆ ಶೇ 18 ಕಳೆದರೆ ತೆರಿಗೆ ₹341.82 ಆಗುತ್ತದೆ. ಒಂದೇ ಗ್ರೈಂಡರಿನಲ್ಲಿ ₹52.14 ನಿಮ್ಮ ಕೈಯಿಂದ ಹೋಯಿತು. ₹340ರ ಕಾಫಿ ಪುಡಿ ಪ್ಯಾಕೆಟ್ಟಿನಲ್ಲಿ ವ್ಯತ್ಯಾಸ 81 ಪೈಸೆ. ಪುಡಿಯಲ್ಲಿ ತಪ್ಪು ಇಷ್ಟು ಚಿಕ್ಕದು, ಹಾಗಾಗಿಯೇ ಇಷ್ಟು ದಿನ ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ಎಕ್ಸೆಲ್‌ನಲ್ಲಿ C ಕಾಲಮ್ಮಿನಲ್ಲಿ ಟ್ಯಾಗ್ ಬೆಲೆ, D ಕಾಲಮ್ಮಿನಲ್ಲಿ ಆ ಸಾಮಾನಿನ ರೇಟ್ (5, 18, ಕಿತ್ತಳೆಗೆ 0) ಹಾಕಿ. E ಮತ್ತು F ಕಾಲಮ್ಮಿಗೆ:

```
E2: =ROUND(C2*100/(100+D2),2)
F2: =C2-E2
```

ತೆರಿಗೆಯನ್ನು ಬೇರೆ ಗುಣಿಸಬೇಡಿ, ಒಟ್ಟಿನಿಂದ ಮೂಲ ಬೆಲೆ ಕಳೆದು ತೆಗೆಯಿರಿ. ಹಾಗೆ ಮಾಡಿದರೆ ಎರಡೂ ಕೂಡಿದಾಗ ಟ್ಯಾಗ್ ಬೆಲೆ ಪೈಸೆಗೆ ಪೈಸೆ ಸರಿ ಬರುತ್ತದೆ.

ನಿಮ್ಮ ಹಾಳೆ ಸರಿ ಇದೆಯೋ ಇಲ್ಲವೋ ನೋಡುವುದು ಸುಲಭ. ನೀವು ಬರೆದ ಮೂಲ ಬೆಲೆಗೆ ಮತ್ತೆ ತೆರಿಗೆ ಸೇರಿಸಿ ನೋಡಿ. ಶೇ 18 ಕಳೆದು ಬಂದ ₹1,557.18ಕ್ಕೆ ಶೇ 18 ಸೇರಿಸಿದರೆ ₹1,837.47 ಬರುತ್ತದೆ, 1,899 ಬರುವುದಿಲ್ಲ. ಟ್ಯಾಗ್‌ಗೆ ವಾಪಸ್ ತಲುಪದ ಲೆಕ್ಕ ಎಂದರೆ ಅದು ತಪ್ಪು.

ಹಾರ್ಡ್‌ವೇರ್ ಅಂಗಡಿಯವರು, ಕುಶಾಲನಗರ

ಮೇಡಂ ಹೇಳಿದ ಭಾಗಾಕಾರ ಸರಿ. ಆದರೆ ಒಂದೊಂದು ಸಾಮಾನಿಗೂ ಮಾಡುತ್ತಾ ಕೂರಬೇಕಾಗಿಲ್ಲ. ಶೇ 5ರದ್ದು, ಶೇ 18ರದ್ದು ಎರಡೇ ರೇಟ್ ಇದ್ದರೆ ಸರಾಸರಿ ಶೇ 11.5 ಆಗುತ್ತದೆ. ದಿನದ ಒಟ್ಟನ್ನು 1.115ರಿಂದ ಭಾಗಿಸಿದರೆ ಮುಗಿಯಿತು. ಜಾಸ್ತಿ ಕಮ್ಮಿ ತಿಂಗಳಲ್ಲಿ ಸರಿದೂಗುತ್ತದೆ.

ತೆರಿಗೆ ಸಲಹೆಗಾರ್ತಿ

ಅಣ್ಣ, ಸಾಮಾನು ಸಾಮಾನಿಗೆ ಮಾಡಬೇಕಾಗಿಲ್ಲ ಅನ್ನುವುದು ನಿಜ. ಶೇ 5ರ ಮಾರಾಟವನ್ನೆಲ್ಲ ಒಂದು ಕಡೆ ಕೂಡಿಸಿ 1.05ರಿಂದ, ಶೇ 18ರದ್ದನ್ನು ಇನ್ನೊಂದು ಕಡೆ ಕೂಡಿಸಿ 1.18ರಿಂದ ಭಾಗಿಸಿದರೆ ಸಾಕು, ನಾಲ್ಕಾರು ಪೈಸೆ ಹಿಂದೆಮುಂದೆ ಆಗಬಹುದು ಅಷ್ಟೆ. ಆದರೆ ಎರಡನ್ನೂ ಬೆರೆಸಿ ಸರಾಸರಿ ತೆಗೆಯುವುದು ನಡೆಯುವುದಿಲ್ಲ. ಎರಡೂ ರೇಟಿನ ಮಾರಾಟ ಸಮನಾಗಿ ಇರುತ್ತದೆ ಅಂತ ಒಪ್ಪಿಕೊಂಡಂತೆ ಆಗುತ್ತದೆ, ಯಾವ ಅಂಗಡಿಯಲ್ಲೂ ಹಾಗೆ ಇರುವುದಿಲ್ಲ.

ಒಂದು ದಿನ ಎರಡು ಪ್ಯಾಕೆಟ್ ಪುಡಿ, ಒಂದು ಗ್ರೈಂಡರ್ ಹೋಯಿತು, ಒಟ್ಟು ₹2,579. ಸರಾಸರಿ ಲೆಕ್ಕದಲ್ಲಿ ತೆರಿಗೆ ₹266. ನಿಜವಾಗಿ ಕಟ್ಟಬೇಕಾದದ್ದು ₹322.06. ಕಡಿಮೆ ಬಿತ್ತು. ಪ್ರವಾಸಿಗರು ತುಂಬಿದ ಭಾನುವಾರ ಇಪ್ಪತ್ತು ಪ್ಯಾಕೆಟ್ ಪುಡಿ, ಅದೇ ಒಂದು ಗ್ರೈಂಡರ್, ಒಟ್ಟು ₹8,699. ಸರಾಸರಿಯಲ್ಲಿ ₹897.21, ನಿಜವಾದದ್ದು ₹613.49. ಈಗ ಜಾಸ್ತಿ. ಪುಡಿ ಹೆಚ್ಚು ಹೋಗುವ ಅಂಗಡಿಯಲ್ಲಿ ಈ ತಪ್ಪು ವರ್ಷವಿಡೀ ಒಂದೇ ಕಡೆಗೆ ವಾಲುತ್ತದೆ, ಸರಿದೂಗುವುದಿಲ್ಲ. ರಿಟರ್ನಿನಲ್ಲಿ ರೇಟ್‌ವಾರು ಮೊತ್ತವನ್ನೇ ತೋರಿಸಬೇಕಾಗಿರುವುದರಿಂದ ಹೇಗಿದ್ದರೂ ಬೇರೆ ಮಾಡಲೇಬೇಕು.

ಪ್ರಶ್ನೆ ಕೇಳಿದವರು

ಮೇಡಂ, ಅರ್ಥವಾಯಿತು. ಇನ್ನೊಂದು. ಗಿರಾಕಿ ಎಲ್ಲಾ ಸೇರಿಸಿ ಚೌಕಾಸಿ ಮಾಡುತ್ತಾರೆ. ನಿನ್ನೆ ಎರಡು ಪ್ಯಾಕೆಟ್ ಪುಡಿ ₹680, ಗ್ರೈಂಡರ್ ₹1,899, ಕಿತ್ತಳೆ ₹160, ಒಟ್ಟು ₹2,739 ಆಗಿತ್ತು. ನಮ್ಮ ಯಜಮಾನರು ₹2,600ಕ್ಕೆ ಕೊಟ್ಟುಬಿಟ್ಟರು. ಆ ₹139ನ್ನು ಎಲ್ಲಿಂದ ಕಳೆಯಲಿ? ಗ್ರೈಂಡರ್‌ನಿಂದಲೇ ಕಳೆದರೆ ತೆರಿಗೆ ಉಳಿಯುತ್ತದಲ್ಲ?

ತೆರಿಗೆ ಸಲಹೆಗಾರ್ತಿ

ಉಳಿಯುತ್ತದೆ, ಆದರೆ ನಾಳೆ ಯಾರಾದರೂ ಕೇಳಿದರೆ ಯಾಕೆ ಹಾಗೆ ಅಂತ ಹೇಳಲು ನಿಮ್ಮ ಬಳಿ ಕಾರಣ ಇರಬೇಕು. ಗ್ರೈಂಡರಿಗೇ ಅಂತ ರಿಯಾಯಿತಿ ಕೊಟ್ಟು ಬಿಲ್ಲಿನಲ್ಲಿ ಆ ಸಾಲಿನಲ್ಲೇ ಬರೆದಿದ್ದರೆ ಅದು ಬೇರೆ. ಒಟ್ಟು ಮೊತ್ತದ ಮೇಲೆ ಬಿಟ್ಟಿದ್ದರೆ ಎಲ್ಲದಕ್ಕೂ ಅದರದರ ಬೆಲೆಯ ಪ್ರಮಾಣದಲ್ಲಿ ಹಂಚುವುದೇ ನ್ಯಾಯ.

2,600ನ್ನು 2,739ರಿಂದ ಭಾಗಿಸಿ, ಬಂದದ್ದರಿಂದ ಮೂರು ಸಾಲನ್ನೂ ಗುಣಿಸಿ. ಪುಡಿ ₹645.49, ಗ್ರೈಂಡರ್ ₹1,802.63, ಕಿತ್ತಳೆ ₹151.88 ಬರುತ್ತದೆ. ಮೊದಲು ರಿಯಾಯಿತಿ ಹಂಚಿ, ಆಮೇಲೆ ತೆರಿಗೆ ಬಿಡಿಸಬೇಕು, ಈ ಕ್ರಮ ಮುಖ್ಯ. ಪುಡಿಯ ಮೂಲ ಬೆಲೆ ₹614.75, ತೆರಿಗೆ ₹30.74. ಗ್ರೈಂಡರ್ ಮೂಲ ಬೆಲೆ ₹1,527.65, ತೆರಿಗೆ ₹274.98. ಕಿತ್ತಳೆಗೆ ತೆರಿಗೆಯೇ ಇಲ್ಲ, ಆದರೆ ಅದರ ಪಾಲಿನ ರಿಯಾಯಿತಿ ಅದು ಹೊರಲೇಬೇಕು. ಕಿತ್ತಳೆಯನ್ನು ಬಿಟ್ಟು ಉಳಿದ ಎರಡರ ಮೇಲೇ ಹಾಕಿದರೆ ತೆರಿಗೆ ತಪ್ಪಾಗಿ ಕಡಿಮೆ ಕಾಣುತ್ತದೆ.

ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ. ಗ್ರೈಂಡರಿನ ₹274.98ರಲ್ಲಿ ₹137.49 ಇಲ್ಲಿಗೆ, ₹137.49 ಅಲ್ಲಿಗೆ.

ಚಾಕೊಲೇಟ್ ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಚಾಕೊಲೇಟ್ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಹಾಳೆಯಲ್ಲಿ ರೇಟ್ ಇರುವ ಒಂದೇ ಮನೆಯನ್ನು 18ರಿಂದ 5ಕ್ಕೆ ಬದಲಿಸಿದರೆ, ಅದನ್ನೇ ನೋಡುವ ಹಳೆಯ ಸಾಲುಗಳೂ ತಾವಾಗಿಯೇ ಬದಲಾಗಿ ಆಗಸ್ಟ್‌ನ ಮಾರಾಟವೂ ಶೇ 5 ಆಗಿಬಿಡುತ್ತದೆ. ₹250ರ ಪ್ಯಾಕೆಟ್‌ನಲ್ಲಿ ಆಗಸ್ಟ್‌ನಲ್ಲಿದ್ದ ತೆರಿಗೆ ₹38.14, ಹೊಸ ರೇಟಿನಲ್ಲಿ ₹11.90. ಒಬ್ಬ ಕಕ್ಷಿದಾರರ ಹಾಳೆಯಲ್ಲಿ ಹೀಗೇ ಆಗಿ, ಆಗಲೇ ಸಲ್ಲಿಸಿದ ರಿಟರ್ನ್‌ಗೂ ಹಾಳೆಗೂ ತಾಳೆಯಾಗದೆ ಎರಡು ದಿನ ಹುಡುಕಿದ್ದೇವೆ. ರೇಟನ್ನು ಸಾಮಾನಿನ ಹೆಸರಿಗೆ ಕಟ್ಟದೆ ಮಾರಾಟದ ಸಾಲಿನಲ್ಲೇ ಅಂಕಿಯಾಗಿ ಬರೆದಿಡಿ.

ಸಣ್ಣ ಅಂಗಡಿ, ಸೋಮವಾರಪೇಟೆ

ನಾನು ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿ ಇದ್ದೇನೆ. ನಾನೂ ಹೀಗೆ ಬಿಡಿಸಿ ಬಿಲ್ಲಿನಲ್ಲಿ ತೋರಿಸಬೇಕಾ ಅಕ್ಕ?

ತೆರಿಗೆ ಸಲಹೆಗಾರ್ತಿ

ಬೇಡ, ತೋರಿಸಲೂಬಾರದು. ನೀವು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ವ್ಯಾಪಾರಿಯಾದರೆ ವಹಿವಾಟಿನ ಮೇಲೆ ಶೇ 1 ನಿಮ್ಮ ಲಾಭದಿಂದ ಕಟ್ಟುವುದು. ಈ ಲೆಕ್ಕ ನಿಮಗೆ ಸಂಬಂಧಿಸಿದ್ದಲ್ಲ.

ಹೋಮ್‌ಸ್ಟೇ ಮಾಲೀಕರು, ನಾಪೋಕ್ಲು

ಮೇಡಂ, ನನ್ನದೂ ಇದೇ ಕಷ್ಟ. ಒಂದು ರೂಮಿಗೆ ದಿನಕ್ಕೆ ಎಲ್ಲಾ ಸೇರಿ ₹8,000 ಅಂತ ಹೇಳಿ ಬುಕಿಂಗ್ ತಗೊಂಡಿದ್ದೇನೆ. 1.05ರಿಂದ ಭಾಗಿಸಲೋ, 1.18ರಿಂದಲೋ?

ತೆರಿಗೆ ಸಲಹೆಗಾರ್ತಿ

ಇಲ್ಲಿ ರೇಟೇ ಮೂಲ ಬೆಲೆಯನ್ನು ನೋಡಿ ನಿರ್ಧಾರವಾಗುತ್ತದೆ, ಹಾಗಾಗಿ ನಿಮ್ಮದು ಅಂಗಡಿಯವರಿಗಿಂತ ಗಟ್ಟಿ ಪ್ರಶ್ನೆ. ರೂಮಿಗೆ ದಿನಕ್ಕೆ ₹7,500ರವರೆಗೆ ಶೇ 5, ಅದಕ್ಕಿಂತ ಮೇಲಾದರೆ ಶೇ 18. ಈ ₹7,500 ತೆರಿಗೆ ಸೇರದ ಬೆಲೆ.

ಈಗ ನಿಮ್ಮ ₹8,000 ನೋಡಿ. ಶೇ 5 ಅಂದುಕೊಂಡು ಬಿಡಿಸಿದರೆ ಮೂಲ ಬೆಲೆ ₹7,619.05. ಅದು 7,500 ದಾಟಿತು, ಶೇ 5 ಅನ್ವಯಿಸುವುದಿಲ್ಲ. ಸರಿ, ಶೇ 18 ಅಂದುಕೊಂಡು ಬಿಡಿಸಿದರೆ ₹6,779.66. ಅದು 7,500ರ ಒಳಗೇ ಬಂತು, ಶೇ 18 ಅನ್ವಯಿಸುವುದಿಲ್ಲ. ಎರಡೂ ತಮ್ಮನ್ನು ತಾವೇ ಸುಳ್ಳು ಮಾಡಿಕೊಳ್ಳುತ್ತವೆ. ₹7,875 ದಾಟಿ ₹8,850ರವರೆಗೆ ಯಾವ ಒಟ್ಟು ಬೆಲೆ ಹೇಳಿದರೂ ಇದೇ ಗತಿ. ಬಟ್ಟೆ ಅಂಗಡಿಯವರಿಗೂ ₹2,500ರ ಗಡಿಯಲ್ಲಿ ಇಂಥದ್ದೇ ಖಾಲಿ ಜಾಗ ಇದೆ, ಟ್ಯಾಗ್ ₹2,625 ದಾಟಿ ₹2,950ರವರೆಗೆ.

ಮುಂದಿನ ಬುಕಿಂಗ್‌ಗಳಿಗೆ ಆ ಜಾಗದಲ್ಲಿ ಬೆಲೆ ಹೇಳಲೇಬೇಡಿ. ಮೂಲ ಬೆಲೆ ಮೊದಲು ಇಟ್ಟುಕೊಂಡು ಮೇಲೆ ತೆರಿಗೆ ಸೇರಿಸಿ.

ಹೋಮ್‌ಸ್ಟೇ ಮಾಲೀಕರು

ಮುಂದಿನದು ಸರಿ. ಈಗಾಗಲೇ ಹಣ ತಗೊಂಡದ್ದಕ್ಕೆ? ನನ್ನ ಲೆಕ್ಕಪತ್ರ ನೋಡುವವರು ಶೇ 18 ಹಾಕಿಬಿಡಿ, ಜಾಸ್ತಿ ಕಟ್ಟಿದರೆ ಯಾರೂ ಕೇಳುವುದಿಲ್ಲ ಅನ್ನುತ್ತಾರೆ.

ತೆರಿಗೆ ಸಲಹೆಗಾರ್ತಿ

ನಾನು ಹಾಗೆ ಮಾಡುವುದಿಲ್ಲ. ₹6,779.66ರ ರೂಮಿಗೆ ಶೇ 18 ಹಾಕಿದರೆ ಅತಿಥಿಯಿಂದ ಕಾನೂನಿಗಿಂತ ಹೆಚ್ಚು ತೆರಿಗೆ ತೆಗೆದುಕೊಂಡಂತೆ. ನನ್ನ ಮಟ್ಟಿಗೆ ₹125 ವಾಪಸ್ ಕೊಟ್ಟು ₹7,875ಕ್ಕೆ ಬಿಲ್ ಮಾಡುತ್ತೇನೆ, ಮೂಲ ಬೆಲೆ ಸರಿಯಾಗಿ ₹7,500, ತೆರಿಗೆ ₹375. ನಿಮ್ಮ ಲೆಕ್ಕಪತ್ರದವರು ಬೇರೆ ರೀತಿ ಯೋಚಿಸುತ್ತಾರೆ, ಅವರ ಜತೆ ಕೂತು ಮಾತಾಡಿ. ಬೆಳಗಿನ ತಿಂಡಿ, ಎಸ್ಟೇಟ್ ಸುತ್ತಾಟ ₹8,000ದಲ್ಲೇ ಸೇರಿದೆಯಾ ಅನ್ನುವುದೂ ನೋಡಬೇಕು, ಅದು ಗೊತ್ತಾಗದೆ ಕೊನೆಯ ಮಾತು ಹೇಳಲಾರೆ.

ಪ್ರಶ್ನೆ ಕೇಳಿದವರು

ಮೇಡಂ, ಹಿಂದಿನ ತಿಂಗಳುಗಳಲ್ಲಿ ಜಾಸ್ತಿ ಕಟ್ಟಿದ್ದು ವಾಪಸ್ ಸಿಗುತ್ತದಾ?

ತೆರಿಗೆ ಸಲಹೆಗಾರ್ತಿ

ಅದು ಗಿರಾಕಿಗೆ ಕೊಟ್ಟ ಬಿಲ್ಲಿನಲ್ಲಿ ಏನಿದೆ ಅನ್ನುವುದರ ಮೇಲೆ ನಿಂತಿದೆ. ಬಿಲ್ಲಿನಲ್ಲೇ ಗ್ರೈಂಡರಿಗೆ ತೆರಿಗೆ ₹341.82 ಅಂತ ಅಚ್ಚಾಗಿದ್ದರೆ, ತೆರಿಗೆ ಅಂತ ವಸೂಲಿ ಮಾಡಿದ್ದು ಸರ್ಕಾರಕ್ಕೇ ಸೇರಬೇಕು. ಬಿಲ್ ಸರಿಯಿದ್ದು ರಿಟರ್ನ್ ಹಾಳೆಯಲ್ಲಷ್ಟೇ ತಪ್ಪಾಗಿದ್ದರೆ ತಿದ್ದಬಹುದು, ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರ ಒಳಗೆ. ನಿಮ್ಮ ಬಿಲ್ ಪುಸ್ತಕದಲ್ಲಿ ಏನಿದೆ?

ಪ್ರಶ್ನೆ ಕೇಳಿದವರು

ಕೆಲವದರಲ್ಲಿ ಒಟ್ಟು ಮಾತ್ರ ಬರೆದಿದ್ದೇವೆ, ಕೆಲವದರಲ್ಲಿ ತೆರಿಗೆಯೂ ಇದೆ. ನಾಳೆ ಪುಸ್ತಕ ತೆಗೆದು ಬೇರೆ ಬೇರೆ ಮಾಡಿ ಹೇಳುತ್ತೇನೆ.